‘ನನ್ನ ನಂಬರಿನಿಂದ ಹಣ ಕೇಳಿದರೆ ಕಳಿಸಬೇಡಿ’: ಈ ಮಾತನ್ನು ಯಾರಿಗೆ, ಹೇಗೆ ಹೇಳಬೇಕು?

2025ರ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ ಮತ್ತು ಪ್ರಿಯಾಂಕಾ ಉಪೇಂದ್ರ ಅವರ ಫೋನುಗಳು ವಂಚಕರ ಕೈಗೆ ಸಿಕ್ಕ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಆನ್‌ಲೈನ್‌ನಲ್ಲಿ ತರಿಸಿದ ವಸ್ತುವಿನ ನೆಪದಲ್ಲಿ ಕರೆ ಬಂದಿತ್ತು. ಆಚೆಯವರು ಹೇಳಿದ ಅಂಕಿ, ಚಿಹ್ನೆಗಳನ್ನು ಡಯಲ್ ಮಾಡಿದ ಮೇಲೆ ವಾಟ್ಸ್‌ಆ್ಯಪ್ ಕೈತಪ್ಪಿತು. ಪರಿಚಯಸ್ಥರಿಗೆಲ್ಲ ‘ತುರ್ತಾಗಿ ಹಣ ಬೇಕು’ ಎಂಬ ಸಂದೇಶಗಳು ಹೋಗತೊಡಗಿದವು. ಉಪೇಂದ್ರ ಅವರು ಸಾಮಾಜಿಕ ಜಾಲತಾಣದಲ್ಲಿ ವಿಡಿಯೊ ಹಾಕಿ, ತಮ್ಮ ನಂಬರಿನಿಂದ ಯಾರಾದರೂ ಹಣ ಕೇಳಿದರೆ ಕೊಡಬೇಡಿ ಎಂದು ಕೇಳಿಕೊಂಡರು. ಅಷ್ಟರಲ್ಲಿ ನಂಬಿದ ಕೆಲವರು ಹಣ ಕಳಿಸಿಯೂ ಆಗಿತ್ತು.

ನಟರು ಒಂದು ವಿಡಿಯೊ ಹಾಕಿದರೆ ಟಿವಿಗಳು ಅದನ್ನು ಊರಿಗೆಲ್ಲ ಮುಟ್ಟಿಸುತ್ತವೆ. ನಿಮಗೂ ನನಗೂ ಆ ಅನುಕೂಲ ಇಲ್ಲ. ನಮ್ಮ ಮಾತನ್ನು ನಾವೇ ಒಬ್ಬೊಬ್ಬರಿಗೆ ಮುಟ್ಟಿಸಬೇಕು, ಅದೂ ವಾಟ್ಸ್‌ಆ್ಯಪ್ ಇನ್ನೊಬ್ಬರ ಕೈಯಲ್ಲಿ ಇರುವಾಗ. ಗಾಬರಿಯಲ್ಲಿ ಹೆಚ್ಚಿನವರು ಬರೆಯುವುದು ಒಂದೇ ಸಾಲು: ‘ನನ್ನ ಅಕೌಂಟ್ ಹ್ಯಾಕ್ ಆಗಿದೆ, ಯಾರೂ ರೆಸ್ಪಾಂಡ್ ಮಾಡಬೇಡಿ.’ ಓದಿದವರಿಗೆ ಇದರಿಂದ ಎಚ್ಚರವೇನೋ ಮೂಡುತ್ತದೆ. ಆದರೆ ಯಾವ ಅಕೌಂಟ್, ಯಾವಾಗಿನಿಂದ, ನಿಮ್ಮನ್ನು ಹಿಡಿಯುವುದು ಹೇಗೆ, ಈಗಾಗಲೇ ಹಣ ಕಳಿಸಿದವರು ಏನು ಮಾಡಬೇಕು ಎಂಬುದು ಯಾವುದೂ ಗೊತ್ತಾಗುವುದಿಲ್ಲ. ಆ ಸಂದೇಶ ಹೇಗಿರಬೇಕು, ಅದನ್ನು ಕಳಿಸುವ ಮೊದಲು ಏನು ಮಾಡಿರಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲು ತಿಳಿಯಬೇಕಾದ್ದು: ಆಗಿರುವುದು ಏನು?

‘ಹ್ಯಾಕ್ ಆಗಿದೆ’ ಎಂದು ನಾವು ಹೇಳುವ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಯಾವುದು ಎಂದು ತಿಳಿಯದೆ ಕಳಿಸಿದ ಎಚ್ಚರಿಕೆ ತಪ್ಪಾಗುತ್ತದೆ.

ಮೊದಲನೆಯದು, ಅಕೌಂಟ್ ಪೂರ್ತಿ ಕೈತಪ್ಪುವುದು. ನಿಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ತಾನಾಗಿ ಲಾಗ್‌ಔಟ್ ಆಗಿ, ಈ ನಂಬರ್ ಬೇರೆ ಫೋನಿನಲ್ಲಿ ನೋಂದಣಿಯಾಗಿದೆ ಎಂದು ತೋರಿಸುತ್ತದೆ. ನಿಮ್ಮ ನಂಬರಿಗೆ ಬಂದ ಆರು ಅಂಕಿಯ ಕೋಡ್ ವಂಚಕನಿಗೆ ಸಿಕ್ಕಿದೆ ಎಂದು ಇದರರ್ಥ. ಹಳೆಯ ಚಾಟ್‌ಗಳು ನಿಮ್ಮ ಫೋನಿನಲ್ಲೇ ಇರುವುದರಿಂದ, ಬ್ಯಾಕಪ್ ಕೂಡ ಕೈಗೆ ಸಿಕ್ಕದ ಹೊರತು ಅವನಿಗೆ ಅವು ಕಾಣುವುದಿಲ್ಲ. ಆದರೆ ನೀವು ಇರುವ ಗ್ರೂಪ್‌ಗಳು, ಅವುಗಳ ಸದಸ್ಯರು ಕಾಣುತ್ತಾರೆ. ಹಣ ಕೇಳುವ ಸಂದೇಶ ಆಪ್ತರಿಗಿಂತ ಮೊದಲು ಅಪಾರ್ಟ್‌ಮೆಂಟ್ ಗ್ರೂಪಿನವರಿಗೂ ಹಳೆಯ ಸಹಪಾಠಿಗಳಿಗೂ ಹೋಗುವುದು ಇದಕ್ಕೇ.

ಎರಡನೆಯದು, ನಿಮ್ಮ ವಾಟ್ಸ್‌ಆ್ಯಪ್ ನಿಮ್ಮ ಫೋನಿನಲ್ಲಿ ಎಂದಿನಂತೆ ನಡೆಯುತ್ತಿರುತ್ತದೆ, ಆದರೆ ಇನ್ನೊಬ್ಬರ ಕಂಪ್ಯೂಟರಿನಲ್ಲೂ ತೆರೆದಿರುತ್ತದೆ. ಯಾವುದೋ ಲಿಂಕ್ ಒತ್ತಿ ಅಲ್ಲಿ ಬಂದ ಕೋಡ್ ಹಾಕಿದ್ದರಿಂದಲೋ ಕ್ಯೂಆರ್ ಸ್ಕ್ಯಾನ್ ಮಾಡಿದ್ದರಿಂದಲೋ ಇದು ಆಗಿರುತ್ತದೆ. ನೋಡಲು ಏನೂ ಆಗಿಲ್ಲವೆಂಬಂತೆ ಇದ್ದರೂ ಅಪಾಯ ಇದರಲ್ಲೇ ಹೆಚ್ಚು. ವಂಚಕ ನಿಮ್ಮ ಹಿಂದಿನ ಮಾತುಕತೆ ಓದಬಲ್ಲ. ನೀವು ಯಾರನ್ನು ‘ಭಾವ’ ಅನ್ನುತ್ತೀರಿ, ಯಾವ ಗ್ರಾಹಕ ಎಷ್ಟು ಬಾಕಿ ಕೊಡಬೇಕು ಎಂಬುದೆಲ್ಲ ಅವನಿಗೆ ಗೊತ್ತಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ `Linked devices` ತೆರೆದು ನೋಡಿದರೆ ನಿಮ್ಮದಲ್ಲದ ಸಾಧನ ಅಲ್ಲಿ ಕಾಣುತ್ತದೆ. ಅದರ ಹೆಸರಿನ ಮೇಲೆ ಒತ್ತಿ `Log out` ಮಾಡಿದರೆ ಆ ಬಾಗಿಲು ಮುಚ್ಚುತ್ತದೆ.

ಮೂರನೆಯದು ಹ್ಯಾಕ್ ಅಲ್ಲವೇ ಅಲ್ಲ. ಬೇರೆ ಯಾವುದೋ ನಂಬರಿಗೆ ನಿಮ್ಮ ಫೋಟೊ, ನಿಮ್ಮ ಹೆಸರು ಹಾಕಿಕೊಂಡು ‘ಇದು ನನ್ನ ಹೊಸ ನಂಬರ್’ ಎಂದು ಹಣ ಕೇಳುವುದು. ಇಲ್ಲಿ ನಿಮ್ಮ ವಾಟ್ಸ್‌ಆ್ಯಪ್‌ಗೆ ಏನೂ ಆಗಿಲ್ಲ. ಎಚ್ಚರಿಕೆಯನ್ನು ಅದರಿಂದಲೇ ಕಳಿಸಬಹುದು. ‘ನನ್ನ ನಂಬರ್ ಬದಲಾಗಿಲ್ಲ, ಆ ನಂಬರನ್ನು ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ’ ಎಂದು ಹೇಳಿದರೆ ಸಾಕು.

ಈ ಕೊನೆಯ ಸಲಹೆಯನ್ನು ಮೊದಲನೆಯ ಪ್ರಕರಣದಲ್ಲಿ ಕೊಡಬೇಡಿ. ಅಲ್ಲಿ ಹಣ ಕೇಳುತ್ತಿರುವುದು ನಿಮ್ಮದೇ ನಂಬರ್. ನೂರಾರು ಜನ ಒಟ್ಟಿಗೆ ರಿಪೋರ್ಟ್ ಮಾಡಿದರೆ ವಾಟ್ಸ್‌ಆ್ಯಪ್ ಆ ನಂಬರನ್ನೇ ನಿಷೇಧಿಸಬಹುದು. ವಂಚಕನ ಆಟ ಅಲ್ಲಿಗೆ ನಿಲ್ಲುತ್ತದೆ, ಸರಿ. ಆದರೆ ನಂಬರನ್ನು ಮತ್ತೆ ಬಿಡಿಸಿಕೊಳ್ಳುವ ತಲೆನೋವು ನಿಮ್ಮದಾಗುತ್ತದೆ. ಬ್ಲಾಕ್ ಮಾಡಿದ ಗ್ರಾಹಕರು ಮುಂದೆ ನೆನಪಿಟ್ಟುಕೊಂಡು ಅನ್‌ಬ್ಲಾಕ್ ಮಾಡುತ್ತಾರೆ ಎಂಬ ಖಾತ್ರಿಯೂ ಇಲ್ಲ.

‘ಫೋನ್ ಮಾಡಿ ಕೇಳಿ’ ಎನ್ನುವ ಮೊದಲು

ಎಲ್ಲರೂ ಬರೆಯುವ ಸಾಲು ‘ಅನುಮಾನ ಇದ್ದರೆ ನನಗೇ ಫೋನ್ ಮಾಡಿ’. ಒಳ್ಳೆಯ ಸಲಹೆಯೇ. ಆದರೆ ಡಯಲ್ ಮಾಡಿಸಿ ನಡೆಸುವ ವಂಚನೆಯಲ್ಲಿ ಇದೇ ಸಲಹೆ ಕೈಕೊಡುತ್ತದೆ.

ಕೊರಿಯರ್‌ನವರ ಹೆಸರಿನಲ್ಲಿ ಡಯಲ್ ಮಾಡಿಸುವ ಸಂಖ್ಯೆ ಸಾಮಾನ್ಯವಾಗಿ `**21*` ಎಂದೋ `*401*` ಎಂದೋ ಶುರುವಾಗಿ, ಅದರ ಮುಂದೆ ಹತ್ತು ಅಂಕಿಯ ಮೊಬೈಲ್ ನಂಬರ್ ಇರುತ್ತದೆ, ಕೆಲವೊಮ್ಮೆ ಕೊನೆಗೆ `#` ಚಿಹ್ನೆಯೂ ಇರುತ್ತದೆ. ಇದು ಕಾಲ್ ಫಾರ್ವರ್ಡಿಂಗ್ ಆದೇಶ. ಇನ್ನು ಮುಂದೆ ನನಗೆ ಬರುವ ಕರೆಗಳನ್ನೆಲ್ಲ ಆ ನಂಬರಿಗೆ ಕಳಿಸಿ ಎಂದು ನೀವೇ ನಿಮ್ಮ ಮೊಬೈಲ್ ಕಂಪನಿಗೆ ಹೇಳಿದಂತೆ. ಆಮೇಲೆ ವಂಚಕ ತನ್ನ ಫೋನಿನಲ್ಲಿ ನಿಮ್ಮ ನಂಬರ್ ಹಾಕಿ ವಾಟ್ಸ್‌ಆ್ಯಪ್ ತೆರೆಯುತ್ತಾನೆ. ಕೋಡನ್ನು ಎಸ್‌ಎಂಎಸ್ ಬದಲು ಕರೆಯ ಮೂಲಕ ತಿಳಿಸಿ ಎಂಬ ಆಯ್ಕೆ ಒತ್ತುತ್ತಾನೆ. ಆ ಕರೆ ನಿಮ್ಮನ್ನು ದಾಟಿ ಅವನಿಗೇ ಹೋಗುತ್ತದೆ. ನೀವು ಯಾರಿಗೂ ಒಟಿಪಿ ಹೇಳಿರುವುದಿಲ್ಲ, ಆದರೂ ಕೆಲಸ ಕೆಟ್ಟಿರುತ್ತದೆ.

ಕೋಡ್ ಸಿಕ್ಕ ಮೇಲೂ ಫಾರ್ವರ್ಡಿಂಗ್ ತಾನಾಗಿ ನಿಲ್ಲುವುದಿಲ್ಲ. ಹಣದ ಸಂದೇಶ ನೋಡಿ ಅನುಮಾನಗೊಂಡ ತಂಗಿ ನಿಮಗೆ ಕರೆ ಮಾಡಿದರೆ ಆ ಕರೆಯೂ ವಂಚಕನಿಗೇ ಹೋಗುತ್ತದೆ. ಅವನು ಎತ್ತುವುದಿಲ್ಲ. ಬದಲಿಗೆ ‘ಮೀಟಿಂಗ್‌ನಲ್ಲಿದ್ದೇನೆ, ಮೆಸೇಜ್ ಮಾಡು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಉತ್ತರಿಸುತ್ತಾನೆ. ಕರೆಗೂ ಮೆಸೇಜಿಗೂ ತಾಳೆಯಾಗುವುದರಿಂದ ತಂಗಿ ನಂಬುತ್ತಾಳೆ.

ಕೇಂದ್ರ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಹೀಗೆ ಡಯಲ್ ಮಾಡಿ ಫಾರ್ವರ್ಡಿಂಗ್ ಹಾಕುವ ಸೌಲಭ್ಯವನ್ನು ತಡೆಹಿಡಿಯಲು ಕಂಪನಿಗಳಿಗೆ ಆದೇಶ ಕೊಟ್ಟಿತ್ತು. ಆದರೂ ಅದಾದ ಮೇಲೂ ಈ ಬಗೆಯ ವಂಚನೆಗಳ ಸುದ್ದಿ ನಿಂತಿಲ್ಲ. ಹಾಗಾಗಿ ಎಚ್ಚರಿಕೆ ಕಳಿಸುವ ಮೊದಲು ನಿಮ್ಮ ಫೋನಿನಿಂದ ಇದನ್ನು ಡಯಲ್ ಮಾಡಿ:

```
##002#
```

ಇದು ಎಲ್ಲ ಬಗೆಯ ಫಾರ್ವರ್ಡಿಂಗನ್ನೂ ರದ್ದು ಮಾಡುವ ಸಂಖ್ಯೆ. ರದ್ದಾಗಿದೆ ಎಂಬ ಸಂದೇಶ ಪರದೆಯ ಮೇಲೆ ಬರುತ್ತದೆ. ಬಾರದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ ತೆಗೆಸಿ. ನಂತರ ಮನೆಯವರ ಫೋನಿನಿಂದ ನಿಮ್ಮ ನಂಬರಿಗೆ ಒಮ್ಮೆ ಕರೆ ಮಾಡಿ ನೋಡಿ. ನಿಮ್ಮ ಕೈಯಲ್ಲಿರುವ ಫೋನೇ ರಿಂಗ್ ಆದರೆ ‘ಫೋನ್ ಮಾಡಿ ಕೇಳಿ’ ಎಂದು ಧೈರ್ಯವಾಗಿ ಬರೆಯಬಹುದು. ಆಗದಿದ್ದರೆ ಸಂದೇಶದಲ್ಲಿ ಮನೆಯ ಇನ್ನೊಬ್ಬರ ನಂಬರ್ ಕೊಡಿ.

ವಂಚಕನನ್ನು ಹೊರಗೆ ಹಾಕುವುದು

ಸಂದೇಶ ಕಳಿಸುವ ಕೆಲಸವನ್ನು ಮನೆಯವರಿಗೆ ವಹಿಸಿ, ನೀವು ಅಕೌಂಟ್ ವಾಪಸ್ ಪಡೆಯಲು ಕೂರಿ. ನಿಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆದು, ನಿಮ್ಮ ನಂಬರ್ ಹಾಕಿ, ಎಸ್‌ಎಂಎಸ್‌ನಲ್ಲಿ ಬಂದ ಆರು ಅಂಕಿಯ ಕೋಡ್ ಕೊಡಿ. ಆ ಕ್ಷಣಕ್ಕೆ ವಂಚಕನ ಫೋನಿನಲ್ಲಿ ನಿಮ್ಮ ಅಕೌಂಟ್ ಮುಚ್ಚುತ್ತದೆ.

ಇಲ್ಲಿ ಎರಡು ಅಡ್ಡಿಗಳು ಬರಬಹುದು. ವಂಚಕ ಬೇಕೆಂದೇ ತಪ್ಪು ಕೋಡ್‌ಗಳನ್ನು ಹಾಕಿ ಹಾಕಿ ಹೊಸ ಕೋಡ್ ಬರದಂತೆ ಮಾಡಿರಬಹುದು. ಆಗ ಪರದೆಯ ಮೇಲೆ ಕಾಣುವ ಅವಧಿ ಮುಗಿಯುವವರೆಗೆ, ಕೆಲವೊಮ್ಮೆ ಗಂಟೆಗಟ್ಟಲೆ, ಕಾಯಬೇಕು. ಇಲ್ಲವೇ ಅವನು ತನ್ನದೇ ಪಿನ್ ಹಾಕಿ ಬೀಗ ಜಡಿದಿರಬಹುದು. ಆಗ ಪಿನ್ ಇಲ್ಲದೆ ಒಳಹೋಗಲು 7 ದಿನ ಕಾಯಬೇಕಾಗುತ್ತದೆ. ಈ ಎರಡನೆಯ ಅಡ್ಡಿಯಲ್ಲಿ ಸಮಾಧಾನದ ಸಂಗತಿಯೊಂದಿದೆ: ಪಿನ್ ಗೊತ್ತಿಲ್ಲದಿದ್ದರೂ ನೀವು ಆರು ಅಂಕಿಯ ಕೋಡ್ ಹಾಕಿದ ಕೂಡಲೇ ಅವನು ಹೊರಗೆ ಬಿದ್ದಿರುತ್ತಾನೆ. ಆ ಏಳು ದಿನ ನಿಮ್ಮ ವಾಟ್ಸ್‌ಆ್ಯಪ್ ನಿಮ್ಮ ಕೈಯಲ್ಲೂ ಇರುವುದಿಲ್ಲ, ಅವನ ಕೈಯಲ್ಲೂ ಇರುವುದಿಲ್ಲ.

ಗ್ರೂಪ್‌ಗಳ ವಿಷಯದಲ್ಲಿ ಇನ್ನೊಬ್ಬ ಅಡ್ಮಿನ್‌ನ ನೆರವು ಕೇಳಿ. ನಿಮ್ಮ ನಂಬರನ್ನು ತಾತ್ಕಾಲಿಕವಾಗಿ ಗ್ರೂಪಿನಿಂದ ತೆಗೆಯಲು ಹೇಳಿ. ಹಣ ಕೇಳಿದ ಸಂದೇಶವನ್ನು ಅಡ್ಮಿನ್ ಎಲ್ಲರ ಫೋನಿನಿಂದಲೂ ಅಳಿಸಬಹುದು. ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ, ದೂರಿಗೆ ಬೇಕಾಗುತ್ತದೆ.

ಒಂದು ಉದಾಹರಣೆ

ಶಿರಸಿಯಲ್ಲಿ ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಒಬ್ಬರನ್ನು ಊಹಿಸಿಕೊಳ್ಳಿ. ಗ್ರಾಹಕರ ಬಾಯಲ್ಲಿ ಅವರು ‘ಹಪ್ಪಳದ ಅಕ್ಕ’. ಆರ್ಡರ್ ಬರುವುದು ವಾಟ್ಸ್‌ಆ್ಯಪ್‌ನಲ್ಲಿ, ಹಣ ಬರುವುದು ಯುಪಿಐನಲ್ಲಿ, ಮಾಲು ಹೋಗುವುದು ಕೊರಿಯರ್‌ನಲ್ಲಿ. ಒಂದು ಮಧ್ಯಾಹ್ನ ಎರಡು ಗಂಟೆಗೆ ಅಕೌಂಟ್ ಕೈತಪ್ಪಿತು. ಮೂರು ಗಂಟೆಗೆ ಮೈಸೂರಿನ ಗ್ರಾಹಕರೊಬ್ಬರು ಕರೆ ಮಾಡಲು ನೋಡಿ, ಸಿಗದೆ, ಯಜಮಾನರ ನಂಬರಿಗೆ ಮಾಡಿ ‘ಅಕ್ಕ ಆಸ್ಪತ್ರೆಯಲ್ಲಿದ್ದಾರಾ?’ ಎಂದು ಕೇಳಿದಾಗ ವಿಷಯ ಗೊತ್ತಾಯಿತು.

ಈ ಅಕ್ಕ ಎರಡು ಬಗೆಯ ಜನರಿಗೆ ಎರಡು ಬಗೆಯ ಮಾತು ಹೇಳಬೇಕು. ನೆಂಟರು, ಸ್ನೇಹಿತರು ಹಣ ಕಳಿಸುವುದು ಮರುಕದಿಂದ: ಆಸ್ಪತ್ರೆ, ಅಪಘಾತ, ‘ಸಂಜೆ ವಾಪಸ್ ಹಾಕ್ತೀನಿ’. ಗ್ರಾಹಕರು ಕಳಿಸುವುದು ವ್ಯವಹಾರದ ನಂಬಿಕೆಯಿಂದ: ‘ನಮ್ಮ ಹಳೆಯ ಕ್ಯೂಆರ್ ಕೆಲಸ ಮಾಡುತ್ತಿಲ್ಲ, ಬಾಕಿಯನ್ನು ಇದಕ್ಕೆ ಹಾಕಿ.’ ಆಪ್ತರಿಗೆ ನಿಮ್ಮ ಧ್ವನಿ ಕೇಳಿಸಿದರೆ ಸಾಕು. ಗ್ರಾಹಕರಿಗೆ ಧ್ವನಿಗಿಂತ ಮುಖ್ಯವಾದದ್ದು ಯಾವ ಹೆಸರಿನ ಖಾತೆಗೆ ಹಣ ಹಾಕಬೇಕು ಎಂಬುದು.

ಮೊದಲ ಎಚ್ಚರಿಕೆ: ಎಸ್‌ಎಂಎಸ್

ವಾಟ್ಸ್‌ಆ್ಯಪ್ ಕೈಯಲ್ಲಿಲ್ಲದಾಗ ಉಳಿಯುವುದು ಹಳೆಯ ಎಸ್‌ಎಂಎಸ್. ಇದಕ್ಕೊಂದು ಮಿತಿ ಇದೆ. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ, ಕನ್ನಡದಲ್ಲಿ 70 ಮಾತ್ರ. ಗುಣಿತದ ಚಿಹ್ನೆ, ಒತ್ತಕ್ಷರ, ನಡುವಿನ ಜಾಗ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಸೇರುತ್ತವೆ. ದಾಟಿದರೆ ಒಂದು ಸಂದೇಶ ಎರಡು ಮೂರಾಗಿ ಲೆಕ್ಕಕ್ಕೆ ಬರುತ್ತದೆ. ಪ್ಯಾಕ್‌ನಲ್ಲಿ ದಿನಕ್ಕೆ ಇಷ್ಟೇ ಎಸ್‌ಎಂಎಸ್ ಎಂದಿದ್ದರೆ ಅರ್ಧ ಜನರಿಗೆ ಮುಟ್ಟುವಷ್ಟರಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಮೊದಲ ಸಂದೇಶ ಇಷ್ಟೇ ಇರಲಿ, ಇದು ಒಂದೇ ಎಸ್‌ಎಂಎಸ್‌ನಲ್ಲಿ ಹಿಡಿಸುತ್ತದೆ:

> ನನ್ನ ವಾಟ್ಸ್‌ಆ್ಯಪ್ ಹ್ಯಾಕ್ ಆಗಿದೆ. ಹಣ ಕೇಳಿದರೆ ಕಳಿಸಬೇಡಿ. -ಹಪ್ಪಳದ ಅಕ್ಕ

ಹೆಸರು ಕಡ್ಡಾಯ. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದ ಗ್ರಾಹಕರಿಗೆ ಬರೀ ಹತ್ತು ಅಂಕಿ ಕಂಡರೆ ಯಾರೆಂದು ತಿಳಿಯುವುದಿಲ್ಲ. ಗ್ರಾಹಕರು ನಿಮ್ಮನ್ನು ಯಾವ ಹೆಸರಿನಿಂದ ಕರೆಯುತ್ತಾರೋ ಅದೇ ಹೆಸರು ಇರಲಿ, ಆಧಾರ್ ಕಾರ್ಡಿನಲ್ಲಿರುವ ಹೆಸರು ಬೇಕಿಲ್ಲ.

ಎಲ್ಲರಿಗಿಂತ ಮೊದಲು ಕಳಿಸಬೇಕಾದ್ದು ಕೇಳಿದ ತಕ್ಷಣ ಕೊಟ್ಟುಬಿಡುವವರಿಗೆ: ವಯಸ್ಸಾದ ಅಪ್ಪ ಅಮ್ಮ, ಅತ್ತೆ ಮಾವ, ಊರಿನಾಚೆ ಇರುವ ಮಕ್ಕಳು, ಆಪ್ತ ಗೆಳತಿ. ಇವರಿಗೆ ಎಸ್‌ಎಂಎಸ್ ಕಳಿಸಿ ಸುಮ್ಮನಾಗಬೇಡಿ, ಕರೆಯನ್ನೇ ಮಾಡಿ. ಅದಾದ ಮೇಲೆ ಬಾಕಿ ಅಥವಾ ಮುಂಗಡ ಕೊಡಬೇಕಿರುವ ಗ್ರಾಹಕರು. ಉಳಿದವರು ಆಮೇಲೆ.

ಆಪ್ತರಿಗೆ: ನಿಮ್ಮದೇ ಧ್ವನಿ

ನೆಂಟರ ಗ್ರೂಪಿಗೆ ಮನೆಯವರ ಫೋನಿನಿಂದ ವಾಯ್ಸ್ ಮೆಸೇಜ್ ಹಾಕಿ. ಬರೆದ ಎಚ್ಚರಿಕೆಗೆ ವಂಚಕ ನಿಮ್ಮ ಅಕೌಂಟಿನಿಂದಲೇ ‘ಅದು ಸುಳ್ಳು, ನಾನೇ ಮಾತಾಡ್ತಿರೋದು’ ಎಂದು ಉತ್ತರ ಕೊಡಬಲ್ಲ. ನಿಮ್ಮ ದನಿಯಲ್ಲಿ, ನಿಮ್ಮೂರ ಮಾತಿನಲ್ಲಿ ಬಂದದ್ದನ್ನು ಅಲ್ಲಗಳೆಯುವುದು ಅವನಿಗೆ ಅಷ್ಟು ಸುಲಭವಲ್ಲ. ಮಾತು ಹೀಗಿರಬಹುದು:

> ಎಲ್ಲರೂ ಕೇಳಿಸಿಕೊಳ್ಳಿ, ನಾನೇ ಮಾತಾಡ್ತಾ ಇರೋದು, ಇವರ ಫೋನಿಂದ. ಇವತ್ತು ಮಧ್ಯಾಹ್ನ ಎರಡು ಗಂಟೆಯಿಂದ ನನ್ನ ವಾಟ್ಸ್‌ಆ್ಯಪ್ ಬೇರೆ ಯಾರದ್ದೋ ಕೈಲಿದೆ. ನಾನು ಮನೇಲೇ ಆರಾಮಾಗಿದ್ದೀನಿ, ಯಾವ ಆಸ್ಪತ್ರೆಯಲ್ಲೂ ಇಲ್ಲ, ನನಗೆ ಯಾರ ಹಣವೂ ಬೇಡ. ಆ ಚಾಟ್‌ನಲ್ಲಿ ‘ನೀನೇನಾ?’ ಅಂತ ಕೇಳಬೇಡಿ, ಅವನೇ ಹೂಂ ಅಂತಾನೆ. ಕೋಡ್ ಕಳಿಸು ಅಂದ್ರೆ ಕಳಿಸಬೇಡಿ, ಲಿಂಕ್ ಬಂದ್ರೆ ಒತ್ತಬೇಡಿ. ಯಾರಾದ್ರೂ ಆಗಲೇ ದುಡ್ಡು ಹಾಕಿದ್ರೆ ನಾಚಿಕೆ ಪಡದೆ ಈಗಲೇ ಇವರ ನಂಬರಿಗೆ ಫೋನ್ ಮಾಡಿ.

ಇದರಲ್ಲಿ ಎರಡು ಮಾತುಗಳನ್ನು ಬಿಡಬಾರದು. ಒಂದು ಕೋಡಿನ ವಿಷಯ. ವಂಚಕ ಹಣ ಕೇಳುವುದರ ಜೊತೆಗೆ ‘ತಪ್ಪಿ ನಿನ್ನ ನಂಬರಿಗೆ ಒಂದು ಆರು ಅಂಕಿಯ ಕೋಡ್ ಬಂದಿದೆ, ಕಳಿಸು’ ಎಂದೂ ಕೇಳುತ್ತಾನೆ. ಅದು ಆ ಗೆಳೆಯರದೇ ವಾಟ್ಸ್‌ಆ್ಯಪ್‌ನ ಕೋಡ್. ಕೊಟ್ಟರೆ ಅವರ ಅಕೌಂಟೂ ಹೋಯಿತು, ಅಲ್ಲಿಂದ ಅವರ ನೆಂಟರಿಗೆ ಸಂದೇಶ ಶುರು. ಇನ್ನೊಂದು ನಾಚಿಕೆಯ ಮಾತು. ಮೋಸಹೋದವರು ‘ಗೊತ್ತಾದರೆ ನಗುತ್ತಾರೆ’ ಎಂದು ಸುಮ್ಮನಾಗುತ್ತಾರೆ. ಅವರು ಸುಮ್ಮನಿದ್ದ ಒಂದೊಂದು ಗಂಟೆಯೂ ಹಣ ಖಾತೆಯಿಂದ ಖಾತೆಗೆ ಜಾರಲು ಸಿಗುವ ಸಮಯ.

ಗ್ರಾಹಕರಿಗೆ: ಬರಹದಲ್ಲಿ, ಲೆಕ್ಕದ ಸಮೇತ

ಗ್ರಾಹಕರಿಗೆ ಹೋಗುವುದು ಬರಹದಲ್ಲೇ ಇರಲಿ, ಅವರು ಮತ್ತೆ ತೆರೆದು ನೋಡುವಂತಿರಬೇಕು. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಪುಟ ಇದ್ದರೆ ಅಲ್ಲೂ, ಅಂಗಡಿ ಇದ್ದರೆ ಕ್ಯೂಆರ್ ಬೋರ್ಡಿನ ಪಕ್ಕದಲ್ಲೂ ಇದೇ ಒಕ್ಕಣೆ ಹಾಕಿ:

> ಗ್ರಾಹಕರ ಗಮನಕ್ಕೆ: ನಮ್ಮ ವಾಟ್ಸ್‌ಆ್ಯಪ್ ಇಂದು ಮಧ್ಯಾಹ್ನ 2 ಗಂಟೆಯಿಂದ ವಂಚಕರ ಕೈಯಲ್ಲಿದೆ. ಆ ನಂತರ ಅದರಿಂದ ಬಂದ ಯಾವ ಸಂದೇಶವೂ ನಮ್ಮದಲ್ಲ.
>
> ನಮ್ಮ ಯುಪಿಐ, ಕ್ಯೂಆರ್ ಯಾವುದೂ ಬದಲಾಗಿಲ್ಲ. ಹಣ ಹಾಕುವಾಗ ಪರದೆಯ ಮೇಲೆ ಎಂದಿನ ಹೆಸರೇ ಬರಬೇಕು. ಬೇರೆ ಹೆಸರು ಬಂದರೆ ಪಿನ್ ಒತ್ತಬೇಡಿ.
>
> 2 ಗಂಟೆಗೆ ಮೊದಲು ಕೊಟ್ಟ ಆರ್ಡರ್‌ಗಳು ಹಾಗೇ ಇವೆ, ಕಳಿಸಿಕೊಡುತ್ತೇವೆ. ಆ ನಂತರ ಆರ್ಡರ್ ಕೊಟ್ಟವರು ಅಥವಾ ಹಣ ಹಾಕಿದವರು ಕೆಳಗಿನ ನಂಬರಿಗೆ ಕರೆ ಮಾಡಿ ತಿಳಿಸಿ. ನಾವು ಮತ್ತೆ ತಿಳಿಸುವವರೆಗೆ ಹೊಸ ಆರ್ಡರ್ ಫೋನ್ ಕರೆಯಲ್ಲಿ ಮಾತ್ರ.
>
> ಬೇರೆ ಖಾತೆಗೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪರದೆಯ ಮೇಲಿನ ಹೆಸರಿನ ಸಾಲನ್ನು ಸೇರಿಸಲು ಕಾರಣವಿದೆ. ಯುಪಿಐ ಆ್ಯಪ್‌ನಲ್ಲಿ ಪಿನ್ ಒತ್ತುವ ಮೊದಲು ಕಾಣುವುದು ಹಣ ಪಡೆಯುವವರ ಬ್ಯಾಂಕ್ ದಾಖಲೆಯಲ್ಲಿರುವ ಹೆಸರು. ಫೋಟೊ, ಡಿಪಿ, ವಾಟ್ಸ್‌ಆ್ಯಪ್ ಹೆಸರನ್ನು ನಕಲು ಮಾಡಿದಷ್ಟು ಸುಲಭವಾಗಿ ವಂಚಕ ಅದನ್ನು ಬದಲಾಯಿಸಲಾರ. ‘ನನ್ನ ಯುಪಿಐ ಕೆಲಸ ಮಾಡ್ತಿಲ್ಲ, ಅಣ್ಣನ ಖಾತೆಗೆ ಹಾಕಿ’ ಎಂದು ಅವನು ಮೊದಲೇ ಹೇಳಿಟ್ಟಿರುವುದು ಈ ಹೆಸರು ಕಂಡಾಗ ಬರುವ ಅನುಮಾನವನ್ನು ಅಳಿಸಲಿಕ್ಕೆ. ‘ಬೇರೆ ಯಾರ ಹೆಸರಿಗೂ ಹಾಕಬೇಡಿ, ನಮ್ಮ ಎಂದಿನ ಹೆಸರಿಗೇ ಹಾಕಿ’ ಎಂದು ನೀವು ಮುಂಚೆಯೇ ಹೇಳಿದ್ದರೆ ಆ ನೆಪ ನಡೆಯುವುದಿಲ್ಲ.

ಎಚ್ಚರಿಕೆಯಲ್ಲಿ ಹಾಕಬಾರದ್ದೂ ಇವೆ. ವಂಚಕ ಕಳಿಸಿದ ಕ್ಯೂಆರ್ ಅಥವಾ ಲಿಂಕನ್ನು ‘ನೋಡಿ, ಹೀಗೆ ಬರುತ್ತಿದೆ’ ಎಂದು ಹಾಗೇ ಹಂಚಬೇಡಿ. ಅವಸರದಲ್ಲಿ ಯಾರಾದರೂ ಅದಕ್ಕೇ ಹಣ ಹಾಕಿಬಿಡುತ್ತಾರೆ. ‘ಇದನ್ನು ಹತ್ತು ಜನರಿಗೆ ಫಾರ್ವರ್ಡ್ ಮಾಡಿ’ ಎಂದೂ ಬರೆಯಬೇಡಿ. ವಾರ ಕಳೆದ ಮೇಲೂ ಆ ಸಂದೇಶ ಸುತ್ತುತ್ತಲೇ ಇದ್ದು, ಎಲ್ಲ ಸರಿಯಾದ ನಂತರವೂ ಗ್ರಾಹಕರು ನಿಮಗೆ ಹಣ ಹಾಕಲು ಹೆದರುತ್ತಾರೆ. ಹಾಕಿದ ದಿನಾಂಕ, ಗಂಟೆ ಸಂದೇಶದಲ್ಲೇ ಇದ್ದರೆ ಈ ತೊಂದರೆ ಕಡಿಮೆ.

ಎರಡನೆಯ ಬಗೆಯ ಪ್ರಕರಣವಾಗಿದ್ದರೆ, ಅಂದರೆ `Linked devices`ನಲ್ಲಿ ಬೇರೆ ಸಾಧನ ಸಿಕ್ಕಿದ್ದರೆ, ಇನ್ನೊಂದು ಸಾಲನ್ನು ಮುಚ್ಚುಮರೆಯಿಲ್ಲದೆ ಸೇರಿಸಿ: ‘ನೀವು ನಮಗೆ ಕಳಿಸಿದ ವಿಳಾಸ, ಫೋನ್ ನಂಬರ್, ಆರ್ಡರ್ ವಿವರ ಅವರು ನೋಡಿರುವ ಸಾಧ್ಯತೆ ಇದೆ. ಆ ವಿವರ ಹೇಳಿ ಯಾರಾದರೂ ಕೊರಿಯರ್‌ನವರೆಂದು ಕರೆ ಮಾಡಿದರೆ ನಂಬಬೇಡಿ.’ ನಿಮ್ಮ ಆರ್ಡರಿನ ವಿವರ ಸರಿಯಾಗಿ ಹೇಳುವ ಅಪರಿಚಿತನನ್ನು ಯಾರಾದರೂ ನಂಬುತ್ತಾರೆ. ಇದನ್ನು ಹೇಳಲು ಮುಜುಗರವಾಗುತ್ತದೆ, ಆದರೂ ಹೇಳಬೇಕು.

‘ನಾನು ಆಗಲೇ ಹಾಕಿಬಿಟ್ಟೆ’ ಎಂದವರಿಗೆ

ಎಚ್ಚರಿಕೆ ಹೋದ ಮೇಲೆ ಇಂಥ ಒಂದೆರಡು ಕರೆ ಬಂದೇ ಬರುತ್ತವೆ. ಆಗ ‘ಅಯ್ಯೋ, ನನ್ನನ್ನು ಕೇಳಬಾರದಿತ್ತಾ?’ ಎಂದು ಶುರುಮಾಡಬೇಡಿ. ಅವರ ಕೈಯಿಂದ ಈ ಕೆಲಸಗಳನ್ನು ಮಾಡಿಸಿ.

ಮೊದಲು 1930ಕ್ಕೆ ಕರೆ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಕರೆ ಮಾಡಬೇಕಾದವರು ಹಣ ಕಳೆದುಕೊಂಡವರೇ, ನೀವಲ್ಲ, ಏಕೆಂದರೆ ಹಣ ಹೋಗಿರುವುದು ಅವರ ಖಾತೆಯಿಂದ. ಕರೆಗೆ ಮೊದಲು ಯುಪಿಐ ಆ್ಯಪ್‌ನಲ್ಲಿ ಆ ವಹಿವಾಟನ್ನು ತೆರೆದು ಮುಂದಿಟ್ಟುಕೊಳ್ಳಲಿ. ಅಲ್ಲಿ ಯುಟಿಆರ್ ಎಂಬ 12 ಅಂಕಿಯ ಸಂಖ್ಯೆ ಇರುತ್ತದೆ. ಅದರ ಜೊತೆಗೆ ಮೊತ್ತ, ಗಂಟೆ, ತಮ್ಮ ಬ್ಯಾಂಕ್, ಹಣ ಹೋದ ಯುಪಿಐ ವಿಳಾಸ, ಇಷ್ಟನ್ನು ಹೇಳಬೇಕಾಗುತ್ತದೆ. ಸಹಾಯವಾಣಿಯಿಂದ ಮಾಹಿತಿ ಬ್ಯಾಂಕುಗಳಿಗೆ ಹೋಗಿ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ತಡೆಹಿಡಿಯಲಾಗುತ್ತದೆ. ನಂತರ ತಮ್ಮ ಬ್ಯಾಂಕಿಗೂ ತಿಳಿಸಿ, `cybercrime.gov.in`ನಲ್ಲಿ ದೂರು ದಾಖಲಿಸಿ, ಸಿಕ್ಕ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ.

ಇದರ ಮಿತಿಯನ್ನೂ ಅವರಿಗೆ ಹೇಳಿಬಿಡಿ. ಯುಪಿಐನಲ್ಲಿ ಹೋದ ಹಣವನ್ನು ಆ್ಯಪ್‌ನವರು ಗುಂಡಿ ಒತ್ತಿ ವಾಪಸ್ ತರಲಾರರು. ವಂಚಕರು ಹಣವನ್ನು ಬೇಗಬೇಗ ಹಲವು ಖಾತೆಗಳಿಗೆ ಹಂಚಿ ಎಟಿಎಂನಿಂದ ತೆಗೆದುಬಿಟ್ಟಿದ್ದರೆ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ. ತಡೆಹಿಡಿದ ಹಣ ಕೂಡ ಅದೇ ದಿನ ಕೈಸೇರುವುದಿಲ್ಲ, ಪೊಲೀಸ್ ಮತ್ತು ನ್ಯಾಯಾಲಯದ ಪ್ರಕ್ರಿಯೆ ಮುಗಿಯಬೇಕಾಗಬಹುದು. ಈ ನಡುವೆ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಅಧಿಕಾರಿಯ ಸೋಗಿನಲ್ಲಿ ಕರೆ ಬಂದರೆ ಅದು ಎರಡನೆಯ ಮೋಸ.

ನಿಮ್ಮ ಪಾಲಿನ ದೂರನ್ನು ನೀವೂ ಕೊಡಬೇಕು. ಕರ್ನಾಟಕದಲ್ಲಿ ಜಿಲ್ಲಾ ಮಟ್ಟದಲ್ಲಿ ಸೆನ್ ಪೊಲೀಸ್ ಠಾಣೆಗಳಿವೆ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವವರು ಇವರೇ. ಇನ್ನೊಬ್ಬರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್, ಇನ್ನೊಬ್ಬರಂತೆ ನಟಿಸಿ ಕಂಪ್ಯೂಟರ್ ಸಾಧನದ ಮೂಲಕ ಮೋಸ ಮಾಡುವುದು 66ಡಿ ಸೆಕ್ಷನ್ ಅಡಿ ಅಪರಾಧ. ಎರಡಕ್ಕೂ ಮೂರು ವರ್ಷದವರೆಗೆ ಜೈಲುಶಿಕ್ಷೆ ಇದೆ. ನೀವು ದೂರು ಕೊಟ್ಟ ಗಂಟೆ ದಾಖಲೆಯಲ್ಲಿದ್ದರೆ, ನಿಮ್ಮ ನಂಬರಿನಿಂದ ಹೋದ ಆ ಸಂದೇಶಗಳು ನಿಮ್ಮವಲ್ಲ ಎಂದು ಮುಂದೆ ತೋರಿಸಲು ಅದೇ ಆಧಾರ.

ಗ್ರಾಹಕರು ‘ನಿಮ್ಮ ನಂಬರಿನಿಂದ ಬಂದಿದ್ದಕ್ಕೇ ಹಾಕಿದೆ, ಈಗ ನೀವೇ ಕೊಡಿ’ ಎಂದರೆ ಫೋನಿನಲ್ಲೇ ಹೂಂ ಎಂದೋ ಊಹೂಂ ಎಂದೋ ಹೇಳಬೇಡಿ. ‘ಮೊದಲು 1930ಕ್ಕೆ ಹೇಳಿ, ದೂರಿನ ಸಂಖ್ಯೆ ನನಗೂ ಕಳಿಸಿ, ನನ್ನ ದೂರಿನ ಪ್ರತಿ ನಿಮಗೆ ಕಳಿಸುತ್ತೇನೆ’ ಎನ್ನಿ. ಆ ಹೊತ್ತಿಗೆ ಮುಖ್ಯವಾದದ್ದು ಹಣವನ್ನು ತಡೆಯುವುದು. ಉಳಿದ ಮಾತು ಎರಡು ದಿನ ಬಿಟ್ಟು ಆಡಬಹುದು.

ಕೊನೆಯ ಸಂದೇಶವನ್ನು ಮರೆಯಬೇಡಿ

ಅಕೌಂಟ್ ಕೈಗೆ ಬಂದ ಮೇಲೆ ಬಹುತೇಕರು ಸುಮ್ಮನಾಗುತ್ತಾರೆ. ಗ್ರಾಹಕರಿಗೆ ಮಾತ್ರ ಅನುಮಾನ ಉಳಿದಿರುತ್ತದೆ. ‘ಎಲ್ಲ ಸರಿಯಾಗಿದೆ’ ಎಂಬ ಸಂದೇಶವೂ ಬೇಕು, ಆದರೆ ಅದನ್ನು ಆ ಅಕೌಂಟಿನಿಂದ ಮಾತ್ರ ಕಳಿಸಿದರೆ ಸಾಲದು. ವಂಚಕನೂ ಅದೇ ಮಾತನ್ನು ಬರೆಯಬಲ್ಲ. ಮೊದಲ ಎಚ್ಚರಿಕೆ ಯಾವ ನಂಬರಿನಿಂದ ಹೋಗಿತ್ತೋ ಅದರಿಂದಲೂ ಕಳಿಸಿ:

> ನಮ್ಮ ವಾಟ್ಸ್‌ಆ್ಯಪ್ ಇಂದು ಬೆಳಿಗ್ಗೆ 10 ಗಂಟೆಗೆ ಮರಳಿ ಸಿಕ್ಕಿದೆ. ನಿನ್ನೆ ಮಧ್ಯಾಹ್ನ 2ರಿಂದ ಇಂದು ಬೆಳಿಗ್ಗೆ 10ರವರೆಗೆ ಬಂದ ಸಂದೇಶಗಳು ನಮ್ಮವಲ್ಲ, ಅಳಿಸಿಬಿಡಿ. ಹಣ ಹಾಕಿದವರು ಮಾತ್ರ ಅಳಿಸದೆ ದೂರಿಗಾಗಿ ಇಟ್ಟುಕೊಳ್ಳಿ. ಬ್ಲಾಕ್ ಮಾಡಿದ್ದರೆ ತೆಗೆಯಿರಿ. ಯುಪಿಐ ಹಳೆಯದೇ, ಹೆಸರು ಹಳೆಯದೇ. ಅನುಮಾನವಿದ್ದರೆ ಕರೆ ಮಾಡಿ ಮಾತಾಡಿ.

ಈ ಸಂದೇಶ ಕಳಿಸುವ ಮೊದಲು `Linked devices` ಮತ್ತೊಮ್ಮೆ ನೋಡಿ. ಅಕೌಂಟ್ ಅವನ ಕೈಯಲ್ಲಿದ್ದಾಗ ಪ್ರೊಫೈಲಿನ ಹೆಸರು, ಫೋಟೊ, ವ್ಯಾಪಾರದ ಪುಟದ ವಿವರ ಬದಲಾಯಿಸಿದ್ದಾನೆಯೇ ಎಂದೂ ಪರೀಕ್ಷಿಸಿ. ಆಮೇಲೆ `Settings > Account > Two-step verification` ತೆರೆದು ನಿಮ್ಮದೇ ಆರು ಅಂಕಿಯ ಪಿನ್ ಹಾಕಿ, ಇಮೇಲ್ ವಿಳಾಸವನ್ನೂ ಸೇರಿಸಿ. ಈ ಪಿನ್ ಮೊದಲೇ ಇದ್ದಿದ್ದರೆ, ಕರೆ ಫಾರ್ವರ್ಡ್ ಮಾಡಿ ಕದ್ದ ಕೋಡೊಂದರಿಂದಲೇ ಅವನು ಒಳಗೆ ಬರಲು ಆಗುತ್ತಿರಲಿಲ್ಲ.

ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ಅಪ್ಪ ಅಮ್ಮ, ಆಪ್ತರು, ಹೆಚ್ಚು ವ್ಯವಹಾರವಿರುವ ಗ್ರಾಹಕರು, ಇವರ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು, ಮೇಲ್ಗಡೆ `##002#` ಮತ್ತು 1930 ಎಂದು ಬರೆದು ಮನೆಯವರಿಗೆಲ್ಲ ತೋರಿಸಿ ಇಡಿ. ಫೋನೇ ಕೈಕೊಟ್ಟ ಹೊತ್ತಿನಲ್ಲಿ ಫೋನಿನೊಳಗಿರುವ ನಂಬರುಗಳನ್ನು ನೆಚ್ಚಿ ಕೂರಲಾಗುವುದಿಲ್ಲ.